ವಾರ್ತಾವಾಚಕರ ಭುಜದ ಮೇಲಿನ ಬಿಳಿ ಗೆರೆ

ವಾರ್ತೆ ಓದುವವರ ಕಪ್ಪು ಕೋಟನ್ನು ಒಮ್ಮೆ ಗಮನವಿಟ್ಟು ನೋಡಿ. ಭುಜದ ಅಂಚಿನ ಉದ್ದಕ್ಕೂ, ಹಿಂದಿನ ತಿಳಿನೀಲಿ ಪರದೆಯ ಮೇಲೆ, ತೆಳ್ಳಗೆ ಒಂದು ಬಿಳಿ ಗೆರೆ ಹೊಳೆಯುತ್ತಿರಬಹುದು. ಟೆಸ್ಟ್ ಪಂದ್ಯದಲ್ಲಾದರೆ ಬಿಳಿ ಉಡುಪಿನ ಆಟಗಾರನ ಸುತ್ತ ಹುಲ್ಲು ಇದ್ದಕ್ಕಿದ್ದಂತೆ ಕಡುಹಸಿರಾಗಿರುತ್ತದೆ. ದೇವರ ವಿಗ್ರಹದ ಹಿಂದೆ ಪ್ರಭಾವಳಿ ಇರುವಂತೆ ಪರದೆಯ ಮೇಲಿನ ಪ್ರತಿ ವಸ್ತುವಿಗೂ ಒಂದೊಂದು. ಸ್ಟುಡಿಯೋದಲ್ಲಿ ಅಂಥ ಗೆರೆ ಇರಲಿಲ್ಲ, ಮೈದಾನದಲ್ಲೂ ಇರಲಿಲ್ಲ. ಬಹಳಷ್ಟು ಸಲ ಅದನ್ನು ಎಳೆಯುವುದು ನಿಮ್ಮ ಮನೆಯ ಟಿವಿಯೇ.

ಶಾರ್ಪ್‌ನೆಸ್ ಹೆಚ್ಚಿಸಿದರೆ ಚಿತ್ರದಲ್ಲಿ ವಿವರ ಹೆಚ್ಚುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಕ್ಯಾಮೆರಾ ಹಿಡಿಯದ ವಿವರವನ್ನು ಟಿವಿ ಎಲ್ಲಿಂದ ತರಬೇಕು? ಅದು ಮಾಡುವ ಕೆಲಸ ಸಣ್ಣ ಲೆಕ್ಕದ್ದು. ಪರದೆಯ ಒಂದು ಸಾಲಿನಲ್ಲಿ ಅಕ್ಕಪಕ್ಕದ ಆರು ಚುಕ್ಕೆಗಳನ್ನು ತೆಗೆದುಕೊಳ್ಳಿ. ಮೊದಲ ಮೂರು ಕೋಟಿನವು, ಅವುಗಳ ಬೆಳಕು 60. ಮುಂದಿನ ಮೂರು ಹಿನ್ನೆಲೆಯವು, ಬೆಳಕು 180. ಟಿವಿ ಮೊದಲು ಪ್ರತಿ ಚುಕ್ಕೆಯನ್ನು ಅದರ ಎಡಬಲದ ಚುಕ್ಕೆಗಳೊಂದಿಗೆ ಕೂಡಿಸಿ ಸರಾಸರಿ ತೆಗೆಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಸಾಲು 60, 60, 100, 140, 180, 180 ಆಗುತ್ತದೆ, ಅಂದರೆ ಅಂಚು ಮಸುಕಾಯಿತು. ಈಗ ಮೂಲದಿಂದ ಈ ಮಸುಕು ಸಾಲನ್ನು ಕಳೆದರೆ ಉಳಿಯುವುದು ಅಂಚಿನ ಎರಡು ಚುಕ್ಕೆಗಳಲ್ಲಿ ಮಾತ್ರ: ಒಂದು ಕಡೆ 40 ಕಡಿಮೆ, ಇನ್ನೊಂದು ಕಡೆ 40 ಹೆಚ್ಚು. ಆ ವ್ಯತ್ಯಾಸವನ್ನು ಮೂಲಕ್ಕೇ ಸೇರಿಸಿದಾಗ ಬರುವುದು 60, 60, 20, 220, 180, 180.

ಆ 20 ಮತ್ತು 220 ಎಲ್ಲಿಂದ ಬಂದವು? ಕೋಟಿನಲ್ಲಿ 20 ಇರಲಿಲ್ಲ, ಹಿನ್ನೆಲೆಯಲ್ಲಿ 220 ಇರಲಿಲ್ಲ. ಭುಜದ ಬಿಳಿ ಗೆರೆ ಎಂದರೆ ಆ 220. ಶಾರ್ಪ್‌ನೆಸ್‌ನ ಅಂಕಿ ಈ ವ್ಯತ್ಯಾಸವನ್ನು ಎಷ್ಟು ಪಾಲು ಸೇರಿಸಬೇಕು ಎಂಬುದನ್ನು ನಿರ್ಧರಿಸುತ್ತದೆ, ಅಷ್ಟೇ. ಅರ್ಧ ಪಾಲು ಸೇರಿಸಿದರೆ 40 ಮತ್ತು 200. ನಿಜವಾದ ಟಿವಿಗಳ ಲೆಕ್ಕ ಇದಕ್ಕಿಂತ ಜಟಿಲ. ಗೆರೆ ಎರಡು ಮೂರು ಚುಕ್ಕೆ ಅಗಲವೂ ಆಗಬಹುದು. ತತ್ವ ಮಾತ್ರ ಇದೇ.

ಹಾಗಿದ್ದರೂ ನಮಗೆ ಅದು ಸ್ಪಷ್ಟವಾಗಿ ಕಾಣುವುದೇಕೆ? ಕಣ್ಣಿನ ಸ್ವಭಾವವೇ ಅಂಥದ್ದು. ಕಪ್ಪು ಬಿಳುಪು ಸೇರುವ ಕಡೆ ಅಂಚಿನ ಅಂತರವನ್ನು ನಮ್ಮ ದೃಷ್ಟಿ ತಾನಾಗಿಯೇ ಹೆಚ್ಚಿಸಿಕೊಳ್ಳುತ್ತದೆ. ಎರ್ನ್ಸ್ಟ್ ಮಾಖ್ ಎಂಬ ಭೌತವಿಜ್ಞಾನಿ 1860ರ ದಶಕದಲ್ಲೇ ಇದನ್ನು ವಿವರಿಸಿದ್ದ. ಟಿವಿ ಆ ದೌರ್ಬಲ್ಯವನ್ನು ಬಳಸಿಕೊಳ್ಳುತ್ತದೆ. ಅಂಗಡಿಯ ಝಗಮಗ ಬೆಳಕಿನಲ್ಲಿ, ಹತ್ತು ಟಿವಿಗಳ ಸಾಲಿನಲ್ಲಿ, ಗೆರೆ ಎಳೆದ ಚಿತ್ರವೇ ಎದ್ದು ಕಾಣುತ್ತದೆ. Vivid ಅಥವಾ Dynamic ಎಂಬ ಮೋಡ್‌ಗಳಲ್ಲಿ ಈ ಅಂಕಿ ಮೇಲಿರುವುದು ಸುಮ್ಮನೆ ಅಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳ ಕಾಲಕ್ಕೆ ಇದರಿಂದ ಉಪಕಾರವೂ ಇತ್ತು: ಆಂಟೆನಾದಿಂದಲೋ ವಿಸಿಆರ್‌ನಿಂದಲೋ ಬರುತ್ತಿದ್ದ ಸಿಗ್ನಲ್‌ನಲ್ಲಿ ಅಂಚುಗಳು ದಾರಿಯಲ್ಲೇ ಸವೆದಿರುತ್ತಿದ್ದವು. ಎಚ್‌ಡಿಎಂಐ ಕೇಬಲ್‌ನಲ್ಲಿ ಅಂಕಿಗಳಾಗಿಯೇ ಬರುವ ಚಿತ್ರ ಹಾಗೆ ಸವೆಯುವುದಿಲ್ಲ. ಗುಂಡಿ ಮಾತ್ರ ಉಳಿದುಕೊಂಡಿದೆ.

ಸರಿಪಡಿಸುವುದು ಹೇಗೆ? ಮೊದಲು ಪಿಕ್ಚರ್ ಮೋಡ್ ಬದಲಿಸಿ. Cinema, Movie ಅಥವಾ 2019ರಲ್ಲಿ ಪ್ರಕಟವಾಗಿ ಈಗ ಹಲವು ಟಿವಿಗಳಲ್ಲಿರುವ Filmmaker Mode ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಬಣ್ಣ ತುಸು ಹಳದಿಯಾಗಿ ಕಂಡರೆ ಗಾಬರಿ ಬೇಡ, ಅದು ಬೇರೆ ವಿಷಯ. ಆಮೇಲೆ ಒಂದು ಪರೀಕ್ಷಾ ಚಿತ್ರ ಬೇಕು. ಕಂಪ್ಯೂಟರಿನ ಪೇಂಟ್‌ನಲ್ಲಿ 1920×1080 ಅಳತೆಯ ಬೂದು ಹಾಳೆ ಮಾಡಿ, ಅದರ ಮೇಲೆ ಕೆಲವು ಕಪ್ಪು ಗೆರೆಗಳನ್ನೂ ಒಂದು ವೃತ್ತವನ್ನೂ ಎಳೆದು PNG ಆಗಿ ಉಳಿಸಿ. JPG ಬೇಡ, ಅದು ಅಂಚಿನ ಸುತ್ತ ತನ್ನದೇ ಕಸ ಸೇರಿಸುತ್ತದೆ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಮೂಲಕ ಜೋಡಿಸಿ ಚಿತ್ರವನ್ನು ಪರದೆ ತುಂಬ ತೋರಿಸಿ.

ಈಗ ಟಿವಿಯ ಹತ್ತಿರ ಹೋಗಿ ನಿಂತು ಶಾರ್ಪ್‌ನೆಸ್ ಅನ್ನು ಪೂರ್ತಿ ಏರಿಸಿ. ಕಪ್ಪು ಗೆರೆಯ ಎರಡೂ ಬದಿಗೆ ಬೂದು ಬಣ್ಣ ಬೆಳ್ಳಗಾಗುವುದನ್ನು ನೋಡಿ. ಏನನ್ನು ಹುಡುಕಬೇಕು ಎಂಬುದು ಆಗ ತಿಳಿಯುತ್ತದೆ. ನಂತರ ನಿಧಾನವಾಗಿ ಇಳಿಸುತ್ತ ಬನ್ನಿ. ಬಿಳಿ ಮಾಯವಾಗುವ ಒಂದು ಅಂಕಿ ಸಿಗುತ್ತದೆ. ಅದಕ್ಕಿಂತ ಕೆಳಗೆ ಹೋದಾಗ ಕಪ್ಪು ಗೆರೆಯೇ ಹರಡಿ ಮಸುಕಾಗತೊಡಗಿದರೆ ಹಿಂದಿನ ಅಂಕಿಗೆ ಮರಳಿ. ಎಲ್ಲ ಟಿವಿಯಲ್ಲೂ ಸೊನ್ನೆಯೇ ಸರಿ ಎಂದು ಹೇಳುವವರ ಮಾತು ಕೇಳಬೇಡಿ. ಸೋನಿಯ ಹಲವು ಬ್ರೇವಿಯಾ ಟಿವಿಗಳಲ್ಲಿ ಏನನ್ನೂ ಸೇರಿಸದ, ಏನನ್ನೂ ಕಳೆಯದ ಜಾಗ 50. ಅಲ್ಲಿ ಸೊನ್ನೆ ಇಟ್ಟರೆ ಟಿವಿ ಬೇಕೆಂದೇ ಚಿತ್ರವನ್ನು ಮಬ್ಬಾಗಿಸುತ್ತದೆ. ಬೇರೆ ಕಂಪನಿಗಳ ಎಷ್ಟೋ ಮಾದರಿಗಳಲ್ಲಿ ಅದು ಸೊನ್ನೆ ಅಥವಾ ಅದರ ಆಸುಪಾಸು. ಅದಕ್ಕೇ ಅಂಕಿಯನ್ನಲ್ಲ, ಗೆರೆಯನ್ನು ನಂಬಬೇಕು.

ಅಷ್ಟಾದರೂ ಬಿಳಿ ಹೋಗದಿದ್ದರೆ ಅದೇ ಕೆಲಸ ಮಾಡುವ ಇನ್ನೊಂದು ಆಯ್ಕೆ ಮೆನುವಿನ ಒಳಗೆಲ್ಲೋ ಅಡಗಿರುತ್ತದೆ. ಹಳೆಯ ಎಲ್‌ಜಿಗಳಲ್ಲಿ Edge Enhancer, ಹೊಸವುಗಳಲ್ಲಿ Super Resolution, ಸೋನಿಯಲ್ಲಿ Reality Creation. ಆರಿಸಿ ನೋಡಿ. ಇನ್ನು ಚಿತ್ರ ಮಸುಕಾಗಿದ್ದು ಅಂಚುಗಳು ಕೊಂಚ ಪರದೆಯಾಚೆ ಹೋಗಿದ್ದರೆ ಟಿವಿ ಅದನ್ನು ಹಿಗ್ಗಿಸುತ್ತಿದೆ. Just Scan, Screen Fit ಅಥವಾ Full pixel ಎಂಬ ಆಯ್ಕೆ ಹುಡುಕಿ. ಹಿಗ್ಗಿಸಿದ ಮಸುಕನ್ನು ಮರೆಸಲು ಶಾರ್ಪ್‌ನೆಸ್ ಏರಿಸುವುದು ಸಾಮಾನ್ಯವಾದ ತಪ್ಪು.

ಲ್ಯಾಪ್‌ಟಾಪಿಗೆ ಮಾಡಿದ ಹೊಂದಾಣಿಕೆ ಸೆಟ್ ಟಾಪ್ ಬಾಕ್ಸಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಅನೇಕ ಟಿವಿಗಳು ಒಂದೊಂದು ಎಚ್‌ಡಿಎಂಐಗೂ, ಟಿವಿಯೊಳಗಿನ ಆ್ಯಪ್‌ಗಳಿಗೂ, ಎಚ್‌ಡಿಆರ್ ಚಿತ್ರಗಳಿಗೂ ಬೇರೆ ಬೇರೆ ಅಂಕಿಗಳನ್ನು ಇಟ್ಟುಕೊಳ್ಳುತ್ತವೆ. ಸಿಕ್ಕಿದ ಅಂಕಿಯನ್ನು ಬರೆದಿಟ್ಟುಕೊಂಡು ಎಲ್ಲ ಕಡೆ ಹಾಕಿ. ಮೊದಲ ಸಂಜೆ ಮನೆಯವರು "ಏನಿದು, ಮಬ್ಬಾಗಿದೆಯಲ್ಲ!" ಎನ್ನುವುದು ಖಂಡಿತ. ಗೆರೆಗಳಿಗೆ ಒಗ್ಗಿದ ಕಣ್ಣಿಗೆ ಹಾಗೆಯೇ ಅನಿಸುತ್ತದೆ. ಕೆಲವು ದಿನ ಹಾಗೇ ಬಿಟ್ಟು, ಮತ್ತೆ ಹಳೆಯ ಅಂಕಿಗೆ ಏರಿಸಿ ತೋರಿಸಿ; ಮುಖದ ಚರ್ಮ ಒರಟಾಗಿ, ಹಳೆಯ ಚಿತ್ರಗಳ ಫಿಲ್ಮಿನ ಕಾಳುಗಳು ಗಿಜಿಗುಡುವುದು ಆಗ ಅವರಿಗೂ ಕಾಣುತ್ತದೆ.

ಎಲ್ಲ ಪ್ರಭೆಯೂ ಶಾರ್ಪ್‌ನೆಸ್‌ನದಲ್ಲ. ಕತ್ತಲ ದೃಶ್ಯದಲ್ಲಿ ಬಿಳಿ ಸಬ್‌ಟೈಟಲ್‌ನ ಸುತ್ತ ಅಗಲವಾಗಿ ಹರಡುವ ಮಂದ ಬೆಳಕು, ಹಿಂದಿನ ಎಲ್‌ಇಡಿಗಳದು. ಓಡುವ ಫೀಲ್ಡರ್‌ನ ಸುತ್ತ ಮಾತ್ರ ಕಾಣಿಸಿಕೊಂಡು, ಅವನು ನಿಂತೊಡನೆ ಮಾಯವಾಗುವ ನಡುಕ, ಚಲನೆಯನ್ನು ನಯವಾಗಿಸುವ ವ್ಯವಸ್ಥೆಯದು. ಶಾರ್ಪ್‌ನೆಸ್‌ನ ಗೆರೆ ತೆಳು, ಚೂಪು, ಚಿತ್ರ ನಿಂತಿದ್ದರೂ ಇರುತ್ತದೆ.

ನಾಲ್ಕನೆಯದೊಂದಿದೆ, ಅದಕ್ಕೆ ಮದ್ದಿಲ್ಲ. ಪರೀಕ್ಷಾ ಚಿತ್ರ ಶುಭ್ರವಾಗಿದ್ದು ಒಂದು ಚಾನೆಲ್‌ನಲ್ಲಿ ಅಥವಾ ಒಂದು ಸಿನಿಮಾದಲ್ಲಿ ಮಾತ್ರ ಗೆರೆ ಇದ್ದರೆ, ಅದು ಕಳಿಸುವಾಗಲೇ ಸೇರಿಕೊಂಡಿದೆ. 2001ರಲ್ಲಿ ಬಂದ ಸ್ಟಾರ್ ವಾರ್ಸ್ 'ದಿ ಫ್ಯಾಂಟಮ್ ಮೆನಸ್' ಡಿವಿಡಿ ಇದಕ್ಕೇ ಕುಖ್ಯಾತವಾಗಿತ್ತು. ಟಿವಿಯ ಅಂಕಿಯನ್ನು ತಟಸ್ಥ ಜಾಗಕ್ಕಿಂತ ಕೆಳಗಿಳಿಸಿದರೆ ಅಂಥ ಗೆರೆ ಮಂಕಾಗಬಹುದು, ಜೊತೆಗೆ ಇರುವ ವಿವರವೂ ಹೋಗುತ್ತದೆ. ನನ್ನ ಮಟ್ಟಿಗೆ ಆ ವ್ಯಾಪಾರ ಲಾಭದ್ದಲ್ಲ. ಅದೇ ಚಾನೆಲ್‌ನ ಎಚ್‌ಡಿ ರೂಪ ಸಿಗುತ್ತದೆಯೇ ಎಂದು ನೋಡುವುದು ಮೇಲು.