ರಾತ್ರಿ ಎರಡಕ್ಕೆ ಉಸಿರೆಣಿಕೆ

ನರ್ಸಿಂಗ್ ಪದವೀಧರರ ದೀಪ ಬೆಳಗುವ ಸಮಾರಂಭಕ್ಕೆ ನನ್ನನ್ನು ಮಾತಾಡಲು ಕರೆದಿದ್ದರು. ಮೇಜಿನ ಮೇಲೆ ಎಂದಿನಂತೆ ಮೂತಿ ಚಾಚಿದ ಹಿತ್ತಾಳೆ ದೀಪವಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಇಂಥದ್ದನ್ನು ಹಿಡಿದು ಓಡಾಡಿರಲಿಲ್ಲ ಎಂದೇ ಮಾತು ಶುರು ಮಾಡಿದೆ. 1854ರಲ್ಲಿ, ಕ್ರಿಮಿಯಾ ಯುದ್ಧದ ಸೈನಿಕರು ತುಂಬಿದ್ದ ಸ್ಕುಟಾರಿ ಆಸ್ಪತ್ರೆಯಲ್ಲಿ ಆಕೆಯ ಕೈಲಿದ್ದದ್ದು ಮಡಚಿಡಬಹುದಾದ ತುರ್ಕಿ ಲಾಟೀನು. ನೀವು ಹೇಳುವ ಪ್ರತಿಜ್ಞೆಯನ್ನೂ ಆಕೆ ಬರೆದಿಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದ್ದು. ಆಕೆ ಕತ್ತಲಲ್ಲಿ ರೋಗಿಗಳನ್ನು ನೋಡುತ್ತಿದ್ದಳು, ಸತ್ತವರ ಲೆಕ್ಕ ಬರೆದಿಡುತ್ತಿದ್ದಳು. ಮೊದಲ ನೈಟ್ ಡ್ಯೂಟಿಗೆ ಹೋಗುವವರಿಗೆ ನಾನು ಹೇಳಬೇಕಿದ್ದದ್ದೂ ಈ ನೋಡುವ, ಎಣಿಸುವ ಕೆಲಸದ ವಿಷಯವೇ.

ಪಲ್ಸ್, ಬಿಪಿ, ಜ್ವರ ಎಲ್ಲವನ್ನೂ ಅಳೆಯಲು ಈಗ ಯಂತ್ರಗಳಿವೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ಕಣ್ಣಲ್ಲೇ ಎಣಿಸಬೇಕು. ಆದ್ದರಿಂದಲೇ ಹೆಚ್ಚು ಸುಳ್ಳು ಬರೆಯುವುದೂ ಅಲ್ಲೇ. ಯಾವ ಆಸ್ಪತ್ರೆಯ ಕೇಸ್ ಶೀಟನ್ನಾದರೂ ತೆಗೆದು ನೋಡಿ, ಸಾಲಾಗಿ 20, 20, 20 ಎಂದಿದ್ದರೆ ಯಾರೂ ಎಣಿಸಿಲ್ಲ ಎಂದೇ ತಿಳಿಯಿರಿ. ಎಣಿಸುವ ಕ್ರಮ ಸುಲಭ. ಪಲ್ಸ್ ನೋಡುವವರಂತೆ ರೋಗಿಯ ಮಣಿಕಟ್ಟು ಹಿಡಿದು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರೇ ಆಗಲಿ ಬೇರೆ ಥರ ಉಸಿರಾಡತೊಡಗುತ್ತಾರೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ.

ಒಂದು ರಾತ್ರಿಯನ್ನು ಊಹಿಸಿಕೊಳ್ಳಿ ಎಂದೆ. ಮಧ್ಯಾಹ್ನ ಗರ್ಭಕೋಶ ತೆಗೆಸಿಕೊಂಡ ನಲವತ್ತರ ಹೆಂಗಸು. ರಾತ್ರಿ ಹತ್ತಕ್ಕೆ ಪಲ್ಸ್ 84, ಉಸಿರು 16, ಬಿಪಿ 118/76. ಹನ್ನೆರಡಕ್ಕೆ ಪಲ್ಸ್ 96, ಉಸಿರು 20, ಬಿಪಿ 116/78. ಎರಡಕ್ಕೆ ಪಲ್ಸ್ 112, ಉಸಿರು 26, ಬಿಪಿ 112/82. ಡ್ರೆಸ್ಸಿಂಗ್ ಒಣಗಿಯೇ ಇದೆ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದ ಅವರ ತಂಗಿ ಎದ್ದು, "ಅಕ್ಕ ಒಂದೇ ಸಮ ಹೊರಳಾಡ್ತಾಳೆ ಸಿಸ್ಟರ್, ಏನೋ ಸಂಕಟ ಅಂತಾಳೆ" ಎನ್ನುತ್ತಾಳೆ.

ಮೇಲಿನ ಬಿಪಿ ಮಾತ್ರ ನೋಡಿದರೆ ಎಲ್ಲ ಸರಿಯಾಗಿದೆ. ಹೊಸಬರು ಎಡವುವುದು ಇಲ್ಲೇ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ದೇಹ ರಕ್ತನಾಳಗಳನ್ನು ಬಿಗಿದು ಬಿಪಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಆ ಬಿಗಿತದಿಂದಲೇ ಕೆಳಗಿನ ಅಂಕೆ ಏರಿ, ಎರಡು ಅಂಕೆಗಳ ನಡುವಿನ ಅಂತರ 42ರಿಂದ 30ಕ್ಕೆ ಇಳಿದಿದೆ. ಅಂಗಾಂಗಗಳಿಗೆ ಆಮ್ಲಜನಕ ಸಾಲದೆ ಉಸಿರು ಏರಿದೆ. ಬಿಪಿ ಕುಸಿಯುವ ಹೊತ್ತಿಗೆ ತುಂಬಾ ರಕ್ತ ಹೋಗಿರುತ್ತದೆ. ಅಂಗೈ ಮುಟ್ಟಿದರೆ ತಣ್ಣಗಿರಬಹುದು. ಯೂರಿನ್ ಬ್ಯಾಗು ನೋಡಿ: ಇವರ ತೂಕಕ್ಕೆ ಗಂಟೆಗೆ 30 ಮಿ.ಲೀ. ಆದರೂ ಬರಬೇಕು, ಬಂದದ್ದು 15.

ಇನ್ನು ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕು. ಮೊದಲ ರಾತ್ರಿ ಎಲ್ಲರಿಗೂ ಇದೇ ಭಯ. "ಪೇಶೆಂಟ್ ಯಾಕೋ ಸರಿ ಕಾಣ್ತಿಲ್ಲ ಸರ್" ಎಂದರೆ, "ಬೆಳಿಗ್ಗೆ ನೋಡೋಣ" ಎಂಬ ಉತ್ತರ ಬರಬಹುದು. ಹೀಗೆ ಹೇಳಿ: "ಸರ್, ಸರ್ಜರಿ ವಾರ್ಡಿಂದ. ಹನ್ನೆರಡನೇ ಬೆಡ್, ಇವತ್ತು ಮಧ್ಯಾಹ್ನ ಗರ್ಭಕೋಶದ ಆಪರೇಷನ್ ಆದವರು. ನಾಲ್ಕು ಗಂಟೇಲಿ ಪಲ್ಸ್ 84ರಿಂದ 112, ಉಸಿರು 16ರಿಂದ 26. ಯೂರಿನ್ ಗಂಟೆಗೆ 15. ಒಳಗೆ ಬ್ಲೀಡಿಂಗ್ ಇರಬಹುದು ಅನ್ಸುತ್ತೆ. ಈಗಲೇ ಬಂದು ನೋಡಿ." ಫೋನ್ ಮಾಡಿದ ಸಮಯವನ್ನು ಬರೆದಿಡಿ. ಅವರು ಬರುವಷ್ಟರಲ್ಲಿ ಡ್ರಿಪ್ ಸರಿಯಾಗಿ ಹೋಗುತ್ತಿದೆಯೇ, ರಕ್ತದ ಗುಂಪಿನ ಚೀಟಿ ಎಲ್ಲಿದೆ ನೋಡಿಕೊಳ್ಳಿ. ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ. ಬೈಗುಳ ತಿನ್ನಬೇಕಾಗಬಹುದು, ತಿನ್ನಿ. ನಿಮ್ಮ ಅನುಮಾನ ತಪ್ಪಾಗಿ ಒಬ್ಬರ ನಿದ್ದೆ ಕೆಟ್ಟರೆ ಕೆಡಲಿ.

ಕರುಣೆ ಎಂದರೆ ನಗುಮುಖ ಎಂದು ನಮ್ಮಲ್ಲೊಂದು ನಂಬಿಕೆ ಇದೆ. ರಾತ್ರಿ ಪಾಳಿಯಲ್ಲಿ ನಗುವನ್ನು ನೋಡಲು ಎಚ್ಚರ ಇರುವವರಾದರೂ ಯಾರು? ಆ ತಂಗಿಯ ಮಾತನ್ನು "ಸುಮ್ನೆ ಮಲ್ಕೊಳ್ಳಮ್ಮ" ಎಂದು ತಳ್ಳಿಹಾಕದೆ ಎದ್ದುಹೋಗಿ ಮಣಿಕಟ್ಟು ಹಿಡಿಯುವುದನ್ನೇ ನಾನು ಕರುಣೆ ಎನ್ನುತ್ತೇನೆ. ಅಕ್ಕ ಎಂದಿನಂತಿಲ್ಲ ಎಂಬುದು ನಮಗಿಂತ ಮೊದಲು ಮನೆಯವರಿಗೆ ತಿಳಿಯುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೂವತ್ತು ಬೆಡ್‌ಗೆ ಒಬ್ಬಳೇ ಇದ್ದರೆ ಎಲ್ಲರ ಉಸಿರನ್ನೂ ಎಣಿಸೋಕಾಗುತ್ತಾ ಮೇಡಂ?" ನ್ಯಾಯವಾದ ಪ್ರಶ್ನೆ. ಬರೀ ಉಸಿರಿಗೇ ಒಂದು ಸುತ್ತಿಗೆ ಅರ್ಧ ಗಂಟೆ ಬೇಕು. ಇಂಜೆಕ್ಷನ್, ಡ್ರಿಪ್, ಹೊಸ ಅಡ್ಮಿಷನ್ ಬೇರೆ. ಒಬ್ಬಳನ್ನೇ ಬಿಡುವುದು ಆಡಳಿತದ ತಪ್ಪು, ಅದನ್ನು ನಿಮ್ಮ ಶ್ರದ್ಧೆಯಿಂದ ಮುಚ್ಚಲಾಗದು ಎಂದೆ. ಆದರೆ ಹ್ಯಾಂಡೋವರ್ ಅನ್ನು ಕೌಂಟರಿನಲ್ಲಿ ನಿಂತು ತೆಗೆದುಕೊಳ್ಳಬೇಡಿ, ಮಂಚದಿಂದ ಮಂಚಕ್ಕೆ ನಡೆಯುತ್ತಾ ತೆಗೆದುಕೊಳ್ಳಿ. ಆಗಲೇ ಅಂಗೈ ಮೇಲೆ ನಾಲ್ಕೈದು ಬೆಡ್ ನಂಬರ್ ಬರೆದುಕೊಳ್ಳಿ: ಇವತ್ತು ಆಪರೇಷನ್ ಆದವರು, ರಕ್ತ ಏರುತ್ತಿರುವವರು, ಸಂಜೆಯಿಂದ ಅಂಕೆ ಬದಲಾದವರು, ಮನೆಯವರು ಎರಡು ಸಲ ಬಂದು ಕರೆದವರು. ಪೂರ್ತಿ ನಿಮಿಷದ ಎಣಿಕೆ ಮೊದಲು ಅವರಿಗೆ.