ಅಜ್ಜಿಯ ಹಾಡಿನ ಪಟ್ಟಿ ಪುಸ್ತಕವನ್ನು ಟೈಪ್ ಮಾಡುವುದೇಕೆ?

“ಬರದಿಟ್ಟದ್ದು ಪಟ್ಟಿಯೊಳಗ ಐತಲ್ಲ, ಮತ್ತ್ಯಾಕ ಟೈಪ್ ಮಾಡ್ತೀರಿ?” ಬೇಸಿಗೆ ರಜೆಗೆ ನೆದರ್ಲೆಂಡ್ಸ್‌ನಿಂದ ಊರಿಗೆ ಹೋಗಿ ಅಜ್ಜಿಯ ಟ್ರಂಕು ತೆಗೆಸಿದ ಯಾರಿಗಾದರೂ ಈ ಪ್ರಶ್ನೆ ಎದುರಾಗುತ್ತದೆ. ಬೀಸುವ ಪದ, ಸೋಬಾನೆ, ಜೋಗುಳಗಳನ್ನು ಬರೆದಿಟ್ಟವರಿಗೆ ಸರಿಯಾದ ಉತ್ತರ ಸಿಗದೆ ಅವರು ಪುಸ್ತಕ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಧಾರವಾಡದ ಕಡೆಯ ನಮ್ಮೂರಿನ ಹಿರಿಯರ ಮುಂದೆ ನಾನು ಹತ್ತು ನಿಮಿಷ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಬೇಕಾಗಬಹುದು.

“ಡಿಜಿಟಲ್” ಎಂಬ ಮಾತನ್ನೇ ಬಿಟ್ಟು ಪಹಣಿಯಿಂದ ಶುರುಮಾಡಿದೆ. ಹಿಂದೆ ಪಹಣಿ ಕೈಬರಹದಲ್ಲಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿದರು. ಈಗ ಸರ್ವೆ ನಂಬರ್ ಹೇಳಿದರೆ ಸಾಕು, ನಿಮ್ಮ ಹೊಲದ ಹಾಳೆ ಬರುತ್ತದೆ. ಹಾಡಿಗೂ ಇದೇ ಬೇಕು. ಪುಸ್ತಕದ ಫೋಟೋ ತೆಗೆದರೆ ಅದು ಚಿತ್ರ ಮಾತ್ರ. ಅದರೊಳಗೆ “ತವರು” ಎಂಬ ಮಾತು ಎಲ್ಲಿದೆ ಎಂದು ಫೋನು ತಪ್ಪಿಲ್ಲದೆ ಹುಡುಕಿಕೊಡುತ್ತದೆ ಎಂದು ನಂಬಲಾಗದು. ಅಕ್ಷರವಾಗಿ ಟೈಪ್ ಮಾಡಿದರೆ ನಲವತ್ತು ಪುಸ್ತಕಗಳಲ್ಲಿ ತವರಿನ ಹಾಡುಗಳೆಲ್ಲ ಒಂದೇ ಕಡೆ ಬರುತ್ತವೆ. ಒಂದೇ ಹಾಡನ್ನು ನೀವು ಹೇಗೆ ಹೇಳುತ್ತೀರಿ, ಪಕ್ಕದ ಊರಿನವರು ಹೇಗೆ ಹೇಳುತ್ತಾರೆ ಎಂದು ಎದುರುಬದುರು ಇಟ್ಟು ನೋಡಬಹುದು.

ನಾವಿರುವ ದೇಶದಲ್ಲೂ ಇದೇ ಕೆಲಸ ನಡೆದಿದೆ ಎಂದು ಹೇಳಿದಾಗ ಅವರಿಗೆ ಆಸಕ್ತಿ ಬಂತು. ಆಟೆ ಡೋರ್ನ್‌ಬೋಸ್ ಎಂಬುವರು 1957ರಿಂದ ಡಚ್ ರೇಡಿಯೋದಲ್ಲಿ ಹಳ್ಳಿಯ ಮುದುಕರು ಹಾಡಿದ ಹಾಡು ಕೇಳಿಸುತ್ತಿದ್ದರು. ಅದನ್ನು ಕೇಳಿದವರು “ನಮ್ಮ ಮನೆಯಲ್ಲಿ ಇದು ಬೇರೆ ಥರ ಇದೆ” ಎಂದು ಕಾಗದ ಬರೆಯುತ್ತಿದ್ದರು. ಅವರು ಆ ಮನೆಗೂ ಹೋಗಿ ರೆಕಾರ್ಡ್ ಮಾಡುತ್ತಿದ್ದರು. ಹೀಗೆ ಏಳು ಸಾವಿರಕ್ಕೂ ಹೆಚ್ಚು ಹಾಡುಗಳಾದವು. ಇಂದು ಆಮ್‌ಸ್ಟರ್‌ಡ್ಯಾಮಿನ ಮೇರ್ಟೆನ್ಸ್ ಸಂಸ್ಥೆಯ ಹಾಡುಗಳ ಪಟ್ಟಿಯಲ್ಲಿ ಅವು ಸೇರಿವೆ, ಕೈಬರಹದ ಹಾಡಿನ ಪುಸ್ತಕಗಳೂ ಸೇರಿವೆ. ಮೊದಲ ಸಾಲು ಹಾಕಿದರೆ ಹಾಡು ಸಿಗುತ್ತದೆ.

ಆಗ ಒಬ್ಬ ಅಜ್ಜಿ ಕೇಳಿದರು: “ಗುರ್ತಿನ ಚೀಟಿಯೊಳಗ ನನ್ನ ಹೆಸರ ತಪ್ಪ ಬರದಾರ. ಹಾಡೂ ಹಂಗ ಕೆಡಿಸಿದ್ರ ಏನ್ ಮಾಡೂದು, ಯವ್ವಾ?” ಇದು ನಿಜವಾದ ಭಯ. ಟೈಪ್ ಮಾಡುವವರು ಓದಿಕೊಂಡವರಾದರೆ “ಬಂದಾಳ” ಎಂಬುದನ್ನು “ಬಂದಿದ್ದಾಳೆ” ಎಂದು ತಿದ್ದಿಬಿಡುತ್ತಾರೆ. ಹಾಗೆ ತಿದ್ದಿದರೆ ಆಡುಮಾತೂ ಹೋಯಿತು, ಹಾಡಿನ ಲಯವೂ ಹೋಯಿತು. ಅದಕ್ಕೆ ನಾವು ಮೂರು ನಿಯಮ ಇಟ್ಟುಕೊಂಡೆವು. ಬರೆದಿದ್ದನ್ನು ಬರೆದ ಹಾಗೆಯೇ ಟೈಪ್ ಮಾಡುವುದು. ಪ್ರತಿ ಪುಟದ ಫೋಟೋವನ್ನೂ ಪಕ್ಕದಲ್ಲಿ ಇಡುವುದು. ಓದಲಾಗದ ಅಕ್ಷರವನ್ನು ಊಹಿಸದೆ ಪ್ರಶ್ನೆ ಚಿಹ್ನೆ ಹಾಕಿ ಬರೆದವರನ್ನೇ ಕೇಳುವುದು. ಪುಸ್ತಕ ಮಾತ್ರ ಅದೇ ದಿನ ಅವರ ಮನೆಗೆ ವಾಪಸು.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ಇದು ಟೈಪ್ ಮಾಡಲು ಕೂರುವ ನಮಗೆ, ನಮ್ಮ ಮಕ್ಕಳಿಗೆ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಹೆಚ್ಚುಕಡಿಮೆ ಒಂದೇ. ಅವಸರದಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಬೀಳುತ್ತದೆ:

```
ಗಂಗವ್ವ   (ಅನುಸ್ವಾರ, U+0C82)
ಗ೦ಗವ್ವ   (ಸೊನ್ನೆ, U+0CE6)
```

ಓದುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಇವು ಎರಡು ಬೇರೆ ಪದಗಳು. ಗಂಗವ್ವನ ಹಾಡು ಹುಡುಕಿದರೆ ಎರಡನೆಯದು ಸಿಗುವುದೇ ಇಲ್ಲ. ಪರೀಕ್ಷೆ ಸುಲಭ: ಟೈಪ್ ಮುಗಿದ ಮೇಲೆ ಕಡತದಲ್ಲಿ ಸೊನ್ನೆಯನ್ನು ಹುಡುಕಿ. ಅಂಕಿಗಳ ಜೊತೆಯಲ್ಲದೆ ಅಕ್ಷರಗಳ ನಡುವೆ ಸಿಕ್ಕಿದರೆ ಅದು ತಪ್ಪು. ಹಳೆಯ ಡಿಟಿಪಿ ಫಾಂಟುಗಳಲ್ಲಿ ಟೈಪ್ ಮಾಡಿದರೂ ತೊಂದರೆಯೇ. ಆ ಫಾಂಟು ಇಲ್ಲದ ಫೋನಿನಲ್ಲಿ ಹಾಡು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಫೋನಿನ ಸಾಮಾನ್ಯ ಕನ್ನಡ ಕೀಲಿಮಣೆ ಯುನಿಕೋಡ್‌ನಲ್ಲಿ ಬರೆಯುವುದರಿಂದ ಅದೇ ಸಾಕು.

ಟೈಪ್ ಮಾಡಿದ ಹಾಡಿಗೆ ಧಾಟಿ ಇರುವುದಿಲ್ಲ ಎಂಬುದನ್ನೂ ಹಿರಿಯರಿಗೆ ಮುಚ್ಚಿಡಲಿಲ್ಲ. ಎಲ್ಲಿ ಎಳೆಯಬೇಕು, ಸೊಲ್ಲನ್ನು ಎಷ್ಟು ಸಲ ಹೇಳಬೇಕು ಎಂಬುದು ಪುಸ್ತಕದಲ್ಲೂ ಇಲ್ಲ, ಅದು ಅವರ ಗಂಟಲಿನಲ್ಲಿದೆ. ಹಾಗಾಗಿ ಪ್ರತಿ ಹಾಡಿಗೆ ಒಂದು ನಂಬರ್ ಕೊಟ್ಟು, ಮೊದಲ ಎರಡು ನುಡಿಗಳನ್ನಾದರೂ ಫೋನಿನಲ್ಲಿ ಹಾಡಿಸಿಕೊಂಡು, ಅದೇ ನಂಬರಿನಲ್ಲಿ ಉಳಿಸಿದೆವು. ಹಾಡಲು ಮನಸ್ಸಿಲ್ಲದ, ಹೊರಗೆ ಹೋಗಬಾರದು ಎಂದ ಹಾಡುಗಳನ್ನು ಮುಟ್ಟಲಿಲ್ಲ.

ನಮ್ಮ ಮಕ್ಕಳಿಗೆ ಇದರಿಂದ ಏನು ಸಿಗುತ್ತದೆ? ವಾರಾಂತ್ಯದ ಕನ್ನಡ ಶಾಲೆಯಲ್ಲಿ ಅಚ್ಚಿನ ಅಕ್ಷರ ಕಲಿತ ಮಗುವಿಗೆ ಅಜ್ಜಿಯ ಕೂಡುಬರಹ ಓದಲು ಬರುವುದಿಲ್ಲ. ಅದೇ ಹಾಡು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿದ್ದರೆ ನಿಧಾನವಾಗಿ ಓದುತ್ತದೆ, ತಡೆದಲ್ಲಿ ವಿಡಿಯೋ ಕರೆ ಮಾಡಿ ಕೇಳುತ್ತದೆ. “ಇದೇನು ಪದ, ಅಮ್ಮಮ್ಮಾ?” ಎಂದು ಮಗು ಕೇಳಿದರೆ ಅದಕ್ಕೆ ಉತ್ತರ ಕೊಡಬಲ್ಲವರು ಅವರೊಬ್ಬರೇ. ಆ ಉತ್ತರವನ್ನೂ ಹಾಡಿನ ಕೆಳಗೆ ಬರೆದಿಡಿ.