ಜಾವಗಲ್‌ನ ಮಲ್ಲಿತಮ್ಮನಿಗೆ ವಯಸ್ಸೆಷ್ಟು?

(ಅರಸೀಕೆರೆ ಕಡೆಯ ಪ್ರೌಢಶಾಲೆಯೊಂದರ ಇತಿಹಾಸ ಸಂಘದಲ್ಲಿ ಆಡಿದ ಮಾತುಗಳ ಬರಹರೂಪ)

ಮಕ್ಕಳೇ, ಬೇಲೂರು ದೇವಸ್ಥಾನ ಕೆತ್ತಿದವರು ಯಾರು ಎಂದು ಕೇಳಿದರೆ ನಮ್ಮ ಸೀಮೆಯಲ್ಲಿ ಎರಡನೇ ಉತ್ತರವೇ ಇಲ್ಲ: ಜಕಣಾಚಾರಿ. ವಿಗ್ರಹಕ್ಕೆ ಗಂಧ ಬಳಿದದ್ದು, ಹೊಕ್ಕುಳಲ್ಲಿ ಮಾತ್ರ ಅದು ಒಣಗದೆ ಉಳಿದದ್ದು, ಉಳಿ ತಾಕಿಸಿದೊಡನೆ ಕಪ್ಪೆ ಹೊರಬಂದದ್ದು, ದೋಷ ತೋರಿಸಿದ ಹುಡುಗ ಮಗನೇ ಎಂದು ಆಮೇಲೆ ತಿಳಿದದ್ದು, ಈ ಕಥೆ ನನಗಿಂತ ನಿಮಗೇ ಚೆನ್ನಾಗಿ ಬರುತ್ತದೆ. ಜನವರಿ 1ರಂದು ಸರ್ಕಾರವೂ ಅಮರಶಿಲ್ಪಿಯ ಸಂಸ್ಮರಣಾ ದಿನ ಆಚರಿಸುತ್ತದೆ.

ಆದರೆ ದೇವಸ್ಥಾನದ ಸಹಿಗಳಲ್ಲಿ ಆ ಹೆಸರು ಸಿಕ್ಕಿಲ್ಲ. ಸಿಕ್ಕಿರುವ ಹೆಸರುಗಳು ಬೇರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಆ ಗುಡಿಯಲ್ಲಿ 42 ಮದನಿಕೆಯರಿದ್ದಾರೆ. 38 ಹೊರಗೆ, ನಾಲ್ಕು ಒಳಗೆ. ಎಲ್ಲರೂ ಅವರ ಮುಖ ನೋಡುತ್ತಾರೆ. ನೀವು ಪೀಠ ನೋಡಿ. ಕೆಲವು ಪೀಠಗಳ ಮೇಲೆ ಸಣ್ಣ ಅಕ್ಷರಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಹೀಗೆ ಹೆಸರುಗಳು ಸಿಗುತ್ತವೆ. ಕೆಲವರು ತಮ್ಮ ಬಿರುದನ್ನೂ ಬರೆದುಕೊಂಡಿದ್ದಾರೆ, ಸಂಕೋಚದ ಜನರಲ್ಲ.

ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಗದಗ ಇನ್ನೂ ದೂರ. ಎರಡೂ ಆಗ ಚಾಲುಕ್ಯರ ಕಾಲದ ಗುಡಿಗಳು ಎದ್ದಿದ್ದ ಊರುಗಳು. ಅಂದರೆ ಬೇಲೂರಿನ ಬೆಡಗು ಒಬ್ಬ ಮಾಂತ್ರಿಕನ ಕೈಯಿಂದ ಇಳಿದದ್ದಲ್ಲ. ಊರು ಬಿಟ್ಟು, ಮಗನನ್ನೂ ಕರೆದುಕೊಂಡು ಕೆಲಸಕ್ಕೆ ಬಂದವರು ತಮ್ಮ ಸೀಮೆಯ ಕಸುಬನ್ನು ಜೊತೆಗೆ ತಂದರು. ನಾಲ್ಕು ಅಕ್ಷರಗಳ ಸಹಿ ಹೇಳುವುದು ಇಷ್ಟು. ಅವರಿಗೆ ಕೂಲಿ ಎಷ್ಟು ಸಿಕ್ಕಿತು, ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಹಾಗೆಯೇ, ಸಹಿ ಇಲ್ಲವೆಂದ ಮಾತ್ರಕ್ಕೆ ಜಕಣಾಚಾರಿ ಎಂಬುವನು ಹುಟ್ಟೇ ಇರಲಿಲ್ಲ ಎನ್ನಲೂ ಬರುವುದಿಲ್ಲ. ಬಹಳಷ್ಟು ಶಿಲ್ಪಗಳ ಮೇಲೆ ಯಾರ ಹೆಸರೂ ಇಲ್ಲ. ಸಾಕ್ಷಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೇ ನಿಲ್ಲಬೇಕು. ಇದು ಕಷ್ಟದ ಅಭ್ಯಾಸ, ದೊಡ್ಡವರಿಗೂ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯನ್ನು ರಾಜನೇ ಕಟ್ಟಿಸಿದನೆಂದು ಎಷ್ಟೋ ಜನ ನಂಬಿದ್ದಾರೆ. ಅದರ ಹಿಂದೆ ಇದ್ದವನು ಅಧಿಕಾರಿ ಕೇತಮಲ್ಲ.

ಈಗ ನಿಮ್ಮ ತಾಲ್ಲೂಕಿಗೇ ಬರೋಣ. ಜಾವಗಲ್‌ನ ಲಕ್ಷ್ಮೀನರಸಿಂಹ ಗುಡಿಯಲ್ಲಿ ಕೆಲಸ ಮಾಡಿದವನು ಮಲ್ಲಿತಮ್ಮ. ಇವನ ಹೆಸರು ಮೊದಲು ಕಾಣುವುದು ತರೀಕೆರೆ ಬಳಿಯ ಅಮೃತಾಪುರದಲ್ಲಿ, 1196ರ ಗುಡಿಯಲ್ಲಿ. 1246ರ ನುಗ್ಗೇಹಳ್ಳಿಯಲ್ಲೂ ಇದೆ. ಕೊನೆಗೆ ಸೋಮನಾಥಪುರ. ಅದನ್ನು ಕೆಲವರು 1258ರದು ಎನ್ನುತ್ತಾರೆ, ಕೆಲವರು 1268 ಎನ್ನುತ್ತಾರೆ. ಕಡಿಮೆಯದನ್ನೇ ಹಿಡಿಯೋಣ.

ಲೆಕ್ಕ ಹಾಕಿ. ಅಮೃತಾಪುರದಲ್ಲಿ ಅವನಿಗೆ 20 ವರ್ಷವೆಂದುಕೊಳ್ಳಿ. ನುಗ್ಗೇಹಳ್ಳಿಗೆ ಬರುವಾಗ 70. ಸೋಮನಾಥಪುರದಲ್ಲಿ 82, ಇನ್ನೊಂದು ಲೆಕ್ಕದಲ್ಲಿ 92. ಅಲ್ಲಿ ನಲವತ್ತರಷ್ಟು ವಿಗ್ರಹಗಳು ಇವನ ಹೆಸರಿನಲ್ಲಿವೆ. ಆ ವಯಸ್ಸಿನಲ್ಲಿ, ಆ ಕಣ್ಣಿನಲ್ಲಿ, ಅಷ್ಟು ಸೂಕ್ಷ್ಮ ಕೆತ್ತನೆ?

ಮೂರು ದಾರಿಗಳು ಕಾಣುತ್ತವೆ. ನಿಜಕ್ಕೂ ಗಟ್ಟಿ ಮುದುಕನಾಗಿರಬಹುದು. ಶಿಷ್ಯರು ಕೆತ್ತಿ ಗುರುವಿನ ಹೆಸರು ಹಾಕಿರಬಹುದು. ಇಲ್ಲವೇ ಮೊಮ್ಮಗನಿಗೆ ತಾತನ ಹೆಸರಿಟ್ಟಿರಬಹುದು. ನಿಮ್ಮಲ್ಲೂ ತಾತನ ಹೆಸರು ಹೊತ್ತವರು ಇದ್ದೀರಲ್ಲ. ಇನ್ನೊಂದು ತೊಡಕೂ ಇದೆ. ಸೋಮನಾಥಪುರದಲ್ಲಿ ಅವನು ಪೂರ್ತಿ ಹೆಸರು ಬರೆಯುವುದು ಕಡಿಮೆ. ‘ಮಲ್ಲಿ’ ಎಂದೋ, ಬರೀ ‘ಮ’ ಎಂದೋ ಬಿಡುತ್ತಾನೆ. ಅದೇ ಗುಡಿಯಲ್ಲಿ ಮಸಣಿತಮ್ಮ ಎಂಬ ಇನ್ನೊಬ್ಬ ಶಿಲ್ಪಿಯೂ ಇದ್ದ. ಹಾಗಾದರೆ ಒಂಟಿ ‘ಮ’ ಯಾರದು? ನಲವತ್ತು ಎಂಬ ಲೆಕ್ಕವೇ ಅಲುಗಾಡುತ್ತದೆ.

ಮೂರರಲ್ಲಿ ನನಗೆ ಶಿಷ್ಯರ ದಾರಿಯೇ ಹೆಚ್ಚು ಒಪ್ಪಿಗೆ. ಆದರೆ ಒಪ್ಪಿಗೆ ಪುರಾವೆಯಲ್ಲ. ತೀರ್ಮಾನಿಸಲು ಊರಿಂದೂರಿಗೆ ಹೋಗಿ ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡು ಕಡೆಯ ‘ಮ’ ಅಕ್ಷರದ ತಿರುವು ಒಂದೇ ಬಗೆಯದೇ? ವಿಗ್ರಹದ ಕಿರೀಟ, ಹಾರ, ಬೆರಳು ಕೆತ್ತಿದ ರೀತಿ ಹೊಂದುತ್ತದೆಯೇ? ಅಕ್ಷರ ಹೊಂದಿ ಬೆರಳು ಹೊಂದದಿದ್ದರೆ ಶಿಷ್ಯರ ಗುಮಾನಿ ಬಲವಾಗುತ್ತದೆ.

ಬನಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲೇ ಜಾವಗಲ್ ಸಿಗುತ್ತದೆ. ಬೆಳಗ್ಗೆ ಅಥವಾ ಸಂಜೆ ಹೋಗಿ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಸವೆದ ಅಕ್ಷರಕ್ಕೂ ನೆರಳು ಹುಟ್ಟುತ್ತದೆ, ನಡು ಮಧ್ಯಾಹ್ನ ಏನೂ ಕಾಣದು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಅರಿಶಿನ ತಿಕ್ಕಬೇಡಿ, ಕಲ್ಲು ಹಾಳಾಗುತ್ತದೆ. ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವುದು ಇಲಾಖೆಯ ಅನುಮತಿ ಇದ್ದವರ ಕೆಲಸ. ನಿಮಗೆ ಫೋಟೊ ಸಾಕು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಯಾವ ದಿಕ್ಕಿನ ಗೋಡೆ, ಬಾಗಿಲಿನಿಂದ ಎಷ್ಟನೇ ವಿಗ್ರಹ ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಎಲ್ಲ ವಿಗ್ರಹಗಳೂ ಒಂದೇ ಥರ ಕಾಣುತ್ತವೆ.